ಮ್ಯಾಕುಲಾ ಊತಕ್ಕೆ ಕಣ್ಣಿನ ಇಂಜೆಕ್ಷನ್: ಹಿಂದಿನ ವಾರದಿಂದ ಮುಂದಿನ ವಾರದವರೆಗೆ

ಮ್ಯಾಕುಲಾದಲ್ಲಿ ಊತ ಇದೆ, ಕಣ್ಣಿಗೆ ಇಂಜೆಕ್ಷನ್ ಕೊಡಬೇಕು ಎಂದು ಡಾಕ್ಟರು ಹೇಳಿದ ಮೇಲೆ ಬಹುತೇಕ ಎಲ್ಲರ ಪ್ರಶ್ನೆಗಳೂ ಒಂದೇ. ತುಂಬಾ ನೋವಾಗುತ್ತದೆಯೇ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೇ? ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕೇ? ಮನೆಗೆ ಹೋದ ಮೇಲೆ ಕಣ್ಣು ಕೆಂಪಾದರೆ ಏನು ಮಾಡಬೇಕು? ಮೊದಲ ಮೂರಕ್ಕೆ ಉತ್ತರ ಚಿಕ್ಕದು: ನೋವು ಕಡಿಮೆ, ಊಟ ಮಾಡಿಕೊಂಡೇ ಬನ್ನಿ, ಮಾತ್ರೆ ನಿಲ್ಲಿಸಬೇಡಿ. ನಾಲ್ಕನೆಯದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕಣ್ಣು ಉಳಿಯುವುದೂ ಕೆಡುವುದೂ ಹೆಚ್ಚಾಗಿ ಅದರ ಮೇಲೇ ನಿಂತಿರುವುದರಿಂದ ಈ ಬರಹದ ದೊಡ್ಡ ಪಾಲು ಅದಕ್ಕೇ ಮೀಸಲು.

ಏನು ಕೊಡುತ್ತಾರೆ, ಯಾಕೆ ಕೊಡುತ್ತಾರೆ

ಕಣ್ಣಿನ ಹಿಂಭಾಗದ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪರದೆಯೇ ರೆಟಿನಾ. ಅದರ ನಟ್ಟನಡುವಿನ ಪುಟ್ಟ ಜಾಗ ಮ್ಯಾಕುಲಾ. ಅಕ್ಷರ ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಈ ಜಾಗದ ಕೆಲಸ. ಸಕ್ಕರೆ ಕಾಯಿಲೆಯಿಂದಲೋ ರೆಟಿನಾದ ರಕ್ತನಾಳ ಕಟ್ಟಿಕೊಂಡಿದ್ದರಿಂದಲೋ ಅಲ್ಲಿನ ಸಣ್ಣ ನಾಳಗಳು ಸೋರಲು ಶುರುವಾದರೆ ನೀರು ತುಂಬಿ ಮ್ಯಾಕುಲಾ ಊದಿಕೊಳ್ಳುತ್ತದೆ. ಆಗ ನೋಟದ ನಡುಭಾಗ ಮಸುಕಾಗುತ್ತದೆ, ನೆಟ್ಟಗಿರುವ ಗೆರೆ ಸೊಟ್ಟಗೆ ಕಾಣುತ್ತದೆ.

ಹಾಗೆ ಸೋರುವಂತೆ ಮಾಡುವುದರಲ್ಲಿ ವಿಇಜಿಎಫ್ ಎಂಬ ಪ್ರೋಟೀನಿನ ಪಾತ್ರ ದೊಡ್ಡದು. ಇಂಜೆಕ್ಷನ್‌ನಲ್ಲಿರುವ ಔಷಧ ಅದನ್ನು ಹಿಡಿದು ಕಟ್ಟಿಹಾಕುತ್ತದೆ. ನಿಮ್ಮ ಚೀಟಿಯಲ್ಲಿ ರಾನಿಬಿಜುಮ್ಯಾಬ್, ಆಫ್ಲಿಬರ್ಸೆಪ್ಟ್, ಬೆವಾಸಿಜುಮ್ಯಾಬ್, ಫಾರಿಸಿಮ್ಯಾಬ್ ಇವುಗಳಲ್ಲಿ ಒಂದು ಹೆಸರು ಇರಬಹುದು. ಕೆಲವರಿಗೆ ಇದರ ಬದಲು ಸ್ಟೀರಾಯ್ಡ್ ಕೊಡುತ್ತಾರೆ. ಮಾತ್ರೆ ನುಂಗಿದರೆ ಅಥವಾ ಕಣ್ಣಿಗೆ ಹನಿ ಹಾಕಿದರೆ ಈ ಔಷಧಗಳು ರೆಟಿನಾದವರೆಗೆ ಬೇಕಾದಷ್ಟು ತಲುಪುವುದಿಲ್ಲ. ಹಾಗಾಗಿ ಕಣ್ಣಗುಡ್ಡೆಯೊಳಗೆ ತುಂಬಿರುವ ಪಾರದರ್ಶಕ ಲೋಳೆಗೇ ನೇರವಾಗಿ ಸೇರಿಸಬೇಕು. ಪ್ರಮಾಣ ಸಾಮಾನ್ಯವಾಗಿ 0.05 ಮಿಲಿಲೀಟರ್, ಅಂದರೆ ಹೆಚ್ಚೂಕಡಿಮೆ ಒಂದು ಹನಿ. ಇದು ನಾಳಗಳ ಮೂಲ ತೊಂದರೆಯನ್ನು ಗುಣಮಾಡುವುದಿಲ್ಲ, ಸೋರಿಕೆಯನ್ನು ಕೆಲವು ವಾರ ತಡೆದಿಡುತ್ತದೆ. ಅದಕ್ಕೇ ಮತ್ತೆ ಮತ್ತೆ ಬೇಕಾಗುತ್ತದೆ.

ಹಂತ 1: ಒಂದು ವಾರ ಮೊದಲು ಬಾಯಿಬಿಟ್ಟು ಹೇಳಬೇಕಾದದ್ದು

ಕಣ್ಣಿನಲ್ಲಿ ಅಥವಾ ರೆಪ್ಪೆಯಲ್ಲಿ ಸೋಂಕಿದ್ದರೆ ಇಂಜೆಕ್ಷನ್ ಮುಂದೂಡಬೇಕು. ಬೆಳಿಗ್ಗೆ ಎದ್ದಾಗ ಗೀಜು ಕಟ್ಟಿ ರೆಪ್ಪೆ ಅಂಟಿಕೊಳ್ಳುವುದು, ರೆಪ್ಪೆಯ ಅಂಚಿನಲ್ಲಿ ಕುರು ಎದ್ದಿರುವುದು, ರೆಪ್ಪೆಕೂದಲ ಬುಡದಲ್ಲಿ ಹೊಟ್ಟಿನಂಥ ಪದರ, ಕಣ್ಣಿನ ಒಳಮೂಲೆ ಒತ್ತಿದರೆ ಕೀವು ಬರುವುದು, ಇವುಗಳಲ್ಲಿ ಯಾವುದಿದ್ದರೂ ಮೊದಲೇ ಫೋನ್ ಮಾಡಿ ತಿಳಿಸಿ. ಇಂಜೆಕ್ಷನ್ ಕೊಡಬೇಕಾದ್ದು ಇನ್ನೊಂದು ಕಣ್ಣಿಗಾದರೂ ಹೇಳಬೇಕು. ಜ್ವರ ಬಂದಿದ್ದರೂ ಅಷ್ಟೆ. ಅಪಾಯಿಂಟ್‌ಮೆಂಟ್ ತಪ್ಪೀತೆಂದು ಸೋಂಕನ್ನು ಮುಚ್ಚಿಟ್ಟು ಬರುವವರಿದ್ದಾರೆ. ನಾಲ್ಕೈದು ದಿನ ತಡವಾದರೆ ಊತ ಸ್ವಲ್ಪ ಹೆಚ್ಚಬಹುದು, ಅದನ್ನು ಮತ್ತೆ ಇಳಿಸಬಹುದು. ರೆಪ್ಪೆಯ ಕ್ರಿಮಿ ಸೂಜಿಯ ಜೊತೆ ಒಳಗೆ ಹೋದರೆ ಆಗುವ ಹಾನಿ ಅಂಥದ್ದಲ್ಲ.

ಈಚಿನ ತಿಂಗಳುಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿದ್ದರೆ ಹೇಳಿ. ಗರ್ಭಿಣಿಯಾಗಿದ್ದರೆ, ಆಗಿರುವ ಸಾಧ್ಯತೆಯಿದ್ದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಿ. ಇವೆಲ್ಲ ಯಾವ ಔಷಧ, ಯಾವಾಗ ಎಂಬ ನಿರ್ಧಾರವನ್ನು ಬದಲಿಸಬಲ್ಲವು. ಸ್ಟೀರಾಯ್ಡ್ ಕೊಡುವುದಾಗಿದ್ದರೆ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದಿಂದ ನರ ಹಾಳಾಗುವ ಕಾಯಿಲೆ, ನಿಮಗೋ ಮನೆಯವರಿಗೋ ಇದೆಯೇ ಎನ್ನುವುದೂ ಮುಖ್ಯ. ಸ್ಟೀರಾಯ್ಡ್ ಆ ಒತ್ತಡವನ್ನು ಏರಿಸಬಲ್ಲದು. ಅದೂ ಮರುದಿನವಲ್ಲ, ವಾರಗಳು ಕಳೆದ ಮೇಲೆ, ಯಾವ ಸೂಚನೆಯೂ ಕೊಡದೆ.

ಅಯೋಡಿನ್ ವಿಷಯಕ್ಕೆ ಬರೋಣ. ಕಣ್ಣನ್ನು ಕ್ರಿಮಿಮುಕ್ತ ಮಾಡಲು ಪೊವಿಡೋನ್ ಅಯೋಡಿನ್ ಎಂಬ ಕಂದು ದ್ರಾವಣ ಹಾಕುತ್ತಾರೆ. ಸೋಂಕು ತಡೆಯುವುದರಲ್ಲಿ ಇದರಷ್ಟು ನೆಚ್ಚಬಹುದಾದ ಕ್ರಮ ಬೇರೊಂದಿಲ್ಲ. ಮೀನು, ಸಿಗಡಿ ತಿಂದರೆ ಮೈ ತುರಿಸುತ್ತದೆ ಎಂದ ಮಾತ್ರಕ್ಕೆ ನಿಮಗೆ ಅಯೋಡಿನ್ ಅಲರ್ಜಿ ಇದೆ ಎಂದಾಗುವುದಿಲ್ಲ, ಅದು ಬೇರೆ, ಇದು ಬೇರೆ. ಹಿಂದಿನ ಸಲ ಕಣ್ಣು ತುಂಬಾ ಉರಿದಿತ್ತು ಎನ್ನುವುದೂ ಅಲರ್ಜಿಯಲ್ಲ, ಆ ದ್ರಾವಣದ ಗುಣವೇ ಉರಿ. ಆದರೆ ರೆಪ್ಪೆ ಬಾತುಕೊಂಡು ಚರ್ಮದ ಮೇಲೆ ದದ್ದು ಎದ್ದಿದ್ದರೆ ಖಂಡಿತ ಹೇಳಿ, ಬದಲಿ ದ್ರಾವಣವಿದೆ.

ಹಂತ 2: ಆ ದಿನ ಬೆಳಿಗ್ಗೆ

ತಲೆಗೆ ಸ್ನಾನ ಮಾಡಿಕೊಂಡು ಬನ್ನಿ. ಆಮೇಲೆ ಒಂದೆರಡು ದಿನ ಕಣ್ಣಿಗೆ ನೀರು ಬೀಳದಂತೆ ನೋಡಿಕೊಳ್ಳಬೇಕಾಗುವುದರಿಂದ ಆ ಕೆಲಸ ಮೊದಲೇ ಮುಗಿದಿರಲಿ. ಕಾಡಿಗೆ, ಮುಖದ ಕ್ರೀಮು, ಪೌಡರು ಯಾವುದೂ ಬೇಡ. ಹಿಂದಿನ ದಿನದ ಕಾಡಿಗೆಯ ಅಂಚು ಉಳಿದಿದ್ದರೂ ತೊಳೆದು ತೆಗೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬೇಡಿ, ಕನ್ನಡಕ ತನ್ನಿ.

ತಿಂಡಿ ತಿನ್ನಿ. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಬಿಪಿ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ. ಆಪರೇಷನ್ ಎಂದರೆ ಉಪವಾಸ ಎಂಬ ರೂಢಿಯಿಂದ ಕೆಲವರು ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟು ಬರುತ್ತಾರೆ. ಕಾಯುವ ಹೊತ್ತಿನಲ್ಲೇ ಶುಗರ್ ಇಳಿದು ಬೆವರುತ್ತಾ ಕುಸಿಯುತ್ತಾರೆ. ಇಲ್ಲಿ ಪ್ರಜ್ಞೆ ತಪ್ಪಿಸುವುದಿಲ್ಲ, ಹನಿ ಹಾಕಿ ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ, ಉಪವಾಸಕ್ಕೆ ಕಾರಣವೇ ಇಲ್ಲ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್ ಮೊದಲಾದ ರಕ್ತ ತೆಳುವಾಗಿಸುವ ಔಷಧಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಅವುಗಳಿಂದ ಸಾಮಾನ್ಯವಾಗಿ ಆಗುವುದು ಕಣ್ಣಿನ ಬಿಳಿಭಾಗದಲ್ಲಿ ಕೊಂಚ ದೊಡ್ಡ ಕೆಂಪು ಕಲೆ. ನಿಲ್ಲಿಸಿದರೆ ಆಗಬಹುದಾದದ್ದು ಹೃದಯದಲ್ಲೋ ಮೆದುಳಿನಲ್ಲೋ ರಕ್ತ ಹೆಪ್ಪುಗಟ್ಟುವುದು. ಗ್ಲಾಕೋಮಾದ ಹನಿ ಹಾಕುತ್ತಿದ್ದರೆ ಅದೂ ತಪ್ಪದಿರಲಿ. ಜೊತೆಗೊಬ್ಬರು ಬರಲಿ. ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಕಾಣದು, ಬೆಳಕು ಚುಚ್ಚುತ್ತದೆ. ಆ ದಿನ ಗಾಡಿ ಓಡಿಸುವಂತಿಲ್ಲ.

ಹಂತ 3: ಕೋಣೆಯೊಳಗೆ

ಒಳಗೆ ಹೋದ ಕೂಡಲೇ ಹೆಸರು ಕೇಳಿ, ಯಾವ ಕಣ್ಣು ಎಂದು ನಿಮ್ಮಿಂದಲೇ ಹೇಳಿಸುತ್ತಾರೆ. ಚೀಟಿಯಲ್ಲಿದೆಯಲ್ಲ ಎಂದು ಬೇಸರಪಡಬೇಡಿ. ಎಡ, ಬಲ ಅದಲುಬದಲಾಗದಂತೆ ತಡೆಯುವ ಕೊನೆಯ ಬಾಗಿಲು ಅದು.

ಮರಗಟ್ಟಿಸುವ ಹನಿ ಬಿದ್ದ ಮೇಲೆ ರೆಪ್ಪೆಯ ಸುತ್ತ ಒರೆಸಿ, ಕಣ್ಣಿನೊಳಗೂ ಅಯೋಡಿನ್ ಹನಿ ಹಾಕಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅದು ಕ್ರಿಮಿಗಳ ಮೇಲೆ ಕೆಲಸ ಮಾಡಲು ಸಮಯ ಬೇಕು, ಆ ಕಾಯುವಿಕೆಗೆ ಅವಸರಪಡಿಸಬೇಡಿ. ನಂತರ ರೆಪ್ಪೆಗಳು ಮುಚ್ಚಿಕೊಳ್ಳದಂತೆ ತಂತಿಯ ಪುಟ್ಟ ಕ್ಲಿಪ್ ಕೂರಿಸುತ್ತಾರೆ. ಬಹಳ ಜನಕ್ಕೆ ಸೂಜಿಗಿಂತ ಇದರ ಬಿಗಿತವೇ ಹೆಚ್ಚು ಕಿರಿಕಿರಿ. ಹೇಳಿದ ದಿಕ್ಕಿಗೆ ನೋಟ ನೆಟ್ಟು ಹಾಗೇ ಹಿಡಿಯಿರಿ. ಸೂಜಿ ಹೋಗುವುದು ಕಪ್ಪು ಗುಡ್ಡೆಯ ಮೂಲಕವಲ್ಲ. ಅದರ ಅಂಚಿನಿಂದ 3.5ರಿಂದ 4 ಮಿಲಿಮೀಟರ್ ಆಚೆ, ಬಿಳಿಭಾಗದಲ್ಲಿ ಅಳೆದು ಗುರುತು ಮಾಡಿದ ಜಾಗದಲ್ಲಿ. ಅಲ್ಲಿ ಕಣ್ಣಿನ ಮಸೂರಕ್ಕೂ ತಾಗದೆ ರೆಟಿನಾಕ್ಕೂ ತಾಗದೆ ಒಳಗೆ ಹೋಗಲು ಎಡೆಯಿದೆ. ನೀವು ನೇರ ನೋಡದ ಕಾರಣ ಸೂಜಿ ಸಾಮಾನ್ಯವಾಗಿ ಕಾಣುವುದೂ ಇಲ್ಲ. ಒಂದು ಒತ್ತು, ಕೆಲವೇ ಸೆಕೆಂಡು, ಮುಗಿಯಿತು.

ಈ ಹೊತ್ತಿನಲ್ಲಿ ಮಾಡಬಾರದ್ದು ಎರಡು. ಒಂದು, ಮಾತು. ಬಾಯಿಂದ ಹಾರುವ ಎಂಜಲಿನ ಕಣಗಳಲ್ಲಿರುವ ಕ್ರಿಮಿಗಳು ಕಣ್ಣಿನೊಳಗೆ ಸೇರಿದರೆ ಬರುವ ಸೋಂಕು ಬಲು ಕೆಟ್ಟದ್ದು. ಕೆಮ್ಮು, ಸೀನು ಬರುವಂತಿದ್ದರೆ ಸೂಜಿ ಹತ್ತಿರ ಬರುವ ಮೊದಲೇ ಹೇಳಿಬಿಡಿ, ಕಾಯುತ್ತಾರೆ. ಎರಡು, ಕೈ. ಅಯೋಡಿನ್ ಇಳಿದು ಕೆನ್ನೆ ತುರಿಸಿದರೂ ಕೈ ಮೇಲೆತ್ತಬೇಡಿ.

ಆದ ಮೇಲೆ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಾರೆ. ಹನಿಯಷ್ಟೇ ಆದರೂ ಮುಚ್ಚಿದ ಗುಡ್ಡೆಯೊಳಗೆ ಸೇರಿದ್ದರಿಂದ ಒತ್ತಡ ಥಟ್ಟನೆ ಏರಿರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ. ಬೆರಳು ಎಣಿಸಲು ಆಗುತ್ತಿಲ್ಲ, ಪೂರ್ತಿ ಕತ್ತಲೆ ಎನಿಸಿದರೆ ಅಲ್ಲೇ ಹೇಳಬೇಕು. ಮನೆಗೆ ಹೋಗಿ ನೋಡೋಣ ಎನ್ನುವ ವಿಷಯವಲ್ಲ. ಹೊರಡುವ ಮೊದಲು ಅಯೋಡಿನ್ ಚೆನ್ನಾಗಿ ತೊಳೆದಿದ್ದಾರೆಯೇ ಎಂದು ಕೇಳಿ. ಅದು ಉಳಿದರೆ ಸಂಜೆಯ ಉರಿ ಇಮ್ಮಡಿ.

ಹಂತ 4: ಮೊದಲ 24 ಗಂಟೆ

ಮರಗಟ್ಟು ಬಿಟ್ಟ ಮೇಲೆ ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಚುಚ್ಚುವುದು, ನೀರು ಸುರಿಯುವುದು, ಕಣ್ಣು ಬಿಡಲಾಗದ ಉರಿ, ಇವೆಲ್ಲ ಶುರುವಾಗುತ್ತವೆ. ಹೆಚ್ಚಿನ ಪಾಲು ಇದು ಸೂಜಿಯ ಗಾಯದ ನೋವಲ್ಲ, ಅಯೋಡಿನ್‌ನಿಂದ ಕಣ್ಣಿನ ಮೇಲ್ಪದರ ಒಣಗಿ ಕೆರೆದಂತಾಗಿರುವುದು. ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಮುಚ್ಚಿದ ರೆಪ್ಪೆಯ ಮೇಲೆ ಸ್ವಚ್ಛವಾದ ಒಣಬಟ್ಟೆಯಲ್ಲಿ ಸುತ್ತಿದ ತಣ್ಣನೆಯದನ್ನು ಒತ್ತದೆ ಇಟ್ಟುಕೊಳ್ಳಬಹುದು. ಕಣ್ಣು ಒಣಗದಂತೆ ಹಾಕುವ ಹನಿಯನ್ನು ಡಾಕ್ಟರು ಬರೆದುಕೊಟ್ಟಿದ್ದರೆ ಹೊಸ ಸೀಸೆ ಒಡೆದು ಹಾಕಿ. ಮನೆಯಲ್ಲಿ ಅರ್ಧ ಉಳಿದ ಹಳೆಯ ಸೀಸೆ ಬೇಡ. ನಿದ್ದೆ ಮಾಡಿದರೆ ಇನ್ನೂ ಒಳ್ಳೆಯದು, ಕಣ್ಣು ಮುಚ್ಚಿದ್ದಷ್ಟು ಹೊತ್ತು ಮೇಲ್ಪದರ ಕೂಡಿಕೊಳ್ಳುತ್ತದೆ.

ಸೂಜಿ ಹೋದ ಜಾಗದಲ್ಲಿ ಕಡುಕೆಂಪು ಕಲೆ ಕಾಣಿಸಬಹುದು. ಕನ್ನಡಿ ನೋಡಿ ಬೆಚ್ಚಿಬೀಳುವುದು ಸಹಜ, ಆದರೆ ಇದು ಚರ್ಮದ ಕೆಳಗೆ ರಕ್ತ ಕಂದಿದ ಹಾಗೆ. ಮರುದಿನ ಹರಡಿಕೊಂಡು ದೊಡ್ಡದಾಗಿ ಕಾಣಬಹುದು, ಒಂದೆರಡು ವಾರದಲ್ಲಿ ಹಳದಿಗೆ ತಿರುಗಿ ಮಾಯವಾಗುತ್ತದೆ. ಅದಕ್ಕೆ ಔಷಧ ಬೇಡ.

ಕೆಲವರಿಗೆ ನೋಟದ ಕೆಳಭಾಗದಲ್ಲಿ ಅಂಚು ಸ್ಪಷ್ಟವಾಗಿರುವ ಗುಂಡನೆಯ ಕಪ್ಪು ಚುಕ್ಕೆಗಳು ತೇಲಾಡುತ್ತವೆ, ತಲೆ ಅಲ್ಲಾಡಿಸಿದರೆ ಕುಣಿಯುತ್ತವೆ. ಅವು ಸಿರಿಂಜಿನಿಂದ ಸೇರಿದ ಗಾಳಿಗುಳ್ಳೆಗಳು. ಗುಳ್ಳೆ ನಿಜಕ್ಕೂ ಕಣ್ಣಿನೊಳಗೆ ಮೇಲಕ್ಕೇ ಏರಿರುತ್ತದೆ, ರೆಟಿನಾದಲ್ಲಿ ಬಿಂಬ ತಲೆಕೆಳಗಾಗಿ ಮೂಡುವುದರಿಂದ ನಿಮಗೆ ಕೆಳಗೆ ಕಾಣುತ್ತದೆ, ಅಷ್ಟೆ. ಒಂದೆರಡು ದಿನದಲ್ಲಿ ಕರಗಿಹೋಗುತ್ತವೆ.

ಕಣ್ಣುಜ್ಜಬೇಡಿ. ನೀರು ಇಳಿದರೆ ಕೆನ್ನೆಯ ಮೇಲೆ ಮಾತ್ರ ಒರೆಸಿಕೊಳ್ಳಿ, ರೆಪ್ಪೆಯಂಚಿಗೆ ಬಟ್ಟೆ ತಾಗಿಸಬೇಡಿ. ಸೆರಗು, ಟವೆಲ್, ಕರವಸ್ತ್ರದಿಂದ ಕಣ್ಣೊರೆಸುವ ರೂಢಿಯನ್ನು ಒಂದು ವಾರ ಬಿಟ್ಟಿರಿ.

ಹಂತ 5: ಎರಡನೆಯ ದಿನದಿಂದ ಏಳನೆಯ ದಿನ

ಓದು, ಟಿವಿ, ಮೊಬೈಲ್, ಅಡುಗೆ, ನಡಿಗೆ ಎಲ್ಲ ಮಾಡಬಹುದು. ಬಗ್ಗಬಾರದು, ಟಿವಿ ನೋಡಬಾರದು ಎಂಬ ಮಾತುಗಳೆಲ್ಲ ಬೇರೆ ಆಪರೇಷನ್‌ಗಳಿಂದ ಬಂದವು. ಬಿಡಬೇಕಾದ್ದು ಕಣ್ಣಿಗೆ ಹೊರಗಿನ ನೀರು, ಧೂಳು ಸೇರುವ ಕೆಲಸಗಳನ್ನು. ಒಂದು ವಾರ ಈಜು ಬೇಡ, ಕಾಡಿಗೆ ಬೇಡ, ಕಾಂಟ್ಯಾಕ್ಟ್ ಲೆನ್ಸ್ ಡಾಕ್ಟರು ಹೇಳುವವರೆಗೆ ಬೇಡ.

ಈ ದಿನಗಳಲ್ಲಿ ನಿಮ್ಮ ನಿಜವಾದ ಕೆಲಸ ಒಂದೇ, ಕಾವಲು. ಕಣ್ಣಿನೊಳಗೆ ಕ್ರಿಮಿ ಸೇರಿ ಆಗುವ ಸೋಂಕಿಗೆ ಎಂಡಾಫ್ತಲ್ಮೈಟಿಸ್ ಎನ್ನುತ್ತಾರೆ. ಇದು ಅಪರೂಪ, ಸುಮಾರು ಎರಡು ಮೂರು ಸಾವಿರ ಇಂಜೆಕ್ಷನ್‌ಗಳಿಗೆ ಒಂದು. ಬಂದರೆ ಮಾತ್ರ ದಿನಗಳಲ್ಲಲ್ಲ, ಗಂಟೆಗಳಲ್ಲಿ ಕಣ್ಣು ಕೆಡಿಸುತ್ತದೆ. ಸಾಮಾನ್ಯವಾಗಿ ಎರಡನೆಯ ದಿನದಿಂದ ಐದನೆಯ ದಿನದೊಳಗೆ ತಲೆಯೆತ್ತುತ್ತದೆ.

ಕಾಯುವ ಬಗೆ ಹೀಗೆ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಕುಳಿತು, ಒಳ್ಳೆಯ ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಇಂಜೆಕ್ಷನ್ ಆದ ಕಣ್ಣಿನಿಂದ ಗೋಡೆಯ ಕ್ಯಾಲೆಂಡರ್ ನೋಡಿ. ಯಾವ ಅಕ್ಷರದವರೆಗೆ ಕಾಣುತ್ತದೆ ಎಂದು ಗುರುತಿಟ್ಟುಕೊಳ್ಳಿ. ಇಂಜೆಕ್ಷನ್‌ಗೆ ಹೊರಡುವ ಬೆಳಿಗ್ಗೆಯೇ ಒಮ್ಮೆ ನೋಡಿಟ್ಟುಕೊಂಡರೆ ಹೋಲಿಸಲು ಆಧಾರ ಸಿಗುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಸೋಮವಾರ ಬೆಳಿಗ್ಗೆ 11ಕ್ಕೆ ಬಲಗಣ್ಣಿಗೆ ಇಂಜೆಕ್ಷನ್ ಆಗಿದೆ. ಹೊರಡುವ ಮೊದಲು ಆ ಕಣ್ಣಿಗೆ ತಿಂಗಳ ಹೆಸರೂ ದಪ್ಪ ತಾರೀಖುಗಳೂ ಕಾಣುತ್ತಿದ್ದವು, ಕೆಳಗಿನ ಸಣ್ಣಕ್ಷರ ಇಲ್ಲ. ಮಧ್ಯಾಹ್ನ 2ರಿಂದ ಉರಿ, ಸಂಜೆ ಜೋರು, ರಾತ್ರಿ ಪ್ಯಾರಸಿಟಮಾಲ್ ನುಂಗಿ ನಿದ್ದೆ. ಮಂಗಳವಾರ ಬೆಳಿಗ್ಗೆ ಉರಿ ಮುಕ್ಕಾಲು ಪಾಲು ಇಳಿದಿದೆ, ಬಿಳಿಭಾಗದಲ್ಲಿ ಕೆಂಪು ಕಲೆ ದೊಡ್ಡದಿದೆ, ತಾರೀಖು ಕಾಣುತ್ತದೆ. ಬುಧವಾರ ಉರಿ ಇಲ್ಲ. ಇಲ್ಲಿಯವರೆಗೆ ಎಲ್ಲ ಸರಿ, ಕಲೆ ಎಷ್ಟೇ ದೊಡ್ಡದಿರಲಿ. ಗುರುವಾರ ಬೆಳಿಗ್ಗೆ ಎದ್ದಾಗ ಕಣ್ಣಿನೊಳಗೆ ಆಳದಲ್ಲೊಂದು ನೋವು. ಕೆಂಪು ಈಗ ಒಂದು ಕಲೆಯಲ್ಲ, ಕಪ್ಪು ಗುಡ್ಡೆಯ ಸುತ್ತಲೂ ಇದೆ. ಕಿಟಕಿಯ ಬೆಳಕು ಸಹಿಸಲಾಗುತ್ತಿಲ್ಲ. ತಾರೀಖು ಮಂಜಿನಲ್ಲಿ ಮುಳುಗಿದೆ, ತಿಂಗಳ ಹೆಸರೂ ಸ್ಪಷ್ಟವಿಲ್ಲ.

ಇದರಲ್ಲಿ ಗಮನಿಸಬೇಕಾದ್ದು ದಿಕ್ಕು. ಅಯೋಡಿನ್ ಉರಿ ಮೊದಲ ದಿನ ಜೋರಾಗಿದ್ದು ಇಳಿಯುತ್ತಲೇ ಹೋಗುತ್ತದೆ. ಸೋಂಕು ಒಮ್ಮೆ ಆರಾಮವೆನಿಸಿದ ಮೇಲೆ ಬಂದು ಏರುತ್ತಲೇ ಹೋಗುತ್ತದೆ. ಇಂಥ ಗುರುವಾರ ಮಾಡಬೇಕಾದ್ದು ಆಗಲೇ ಫೋನ್, ಅಂದೇ ಆಸ್ಪತ್ರೆ. ರಜಾದಿನವಾದರೆ ತುರ್ತು ವಿಭಾಗ. ಅಲ್ಲಿ ಬಾಗಿಲಲ್ಲೇ “ಮೂರು ದಿನದ ಹಿಂದೆ ಕಣ್ಣಿನೊಳಗೆ ಇಂಜೆಕ್ಷನ್ ಆಗಿದೆ, ಈಗ ದೃಷ್ಟಿ ಮಂಜಾಗಿದೆ” ಎಂದೇ ಹೇಳಿ. ಬರೀ “ಕಣ್ಣು ಕೆಂಪಾಗಿದೆ” ಎಂದರೆ ಸಾಲಿನಲ್ಲಿ ಕೂರಿಸಿಬಿಡಬಹುದು. ಸೋಂಕೆಂದು ಅನುಮಾನ ಬಂದರೆ ಸಾಮಾನ್ಯವಾಗಿ ಒಳಗಿನ ದ್ರವದ ಮಾದರಿ ತೆಗೆದು, ಆಂಟಿಬಯಾಟಿಕ್ ಅನ್ನು ಕಣ್ಣಿನೊಳಗೇ ಕೊಡುತ್ತಾರೆ, ಕೆಲವರಿಗೆ ಆಪರೇಷನ್ನೂ ಬೇಕಾಗುತ್ತದೆ.

ಇಲ್ಲಿ ಜನ ಎಡವುವುದು ಮೂರು ಕಡೆ. ಕಳೆದ ಸಲವೂ ಕೆಂಪಾಗಿತ್ತು, ತಾನೇ ಹೋಯಿತು ಎಂದು ಎರಡು ದಿನ ಕಾಯುವುದು ಒಂದು. ಔಷಧದಂಗಡಿಯಲ್ಲಿ ಕೇಳಿ ಯಾವುದೋ ಹನಿ ತಂದು ಹಾಕುವುದು ಇನ್ನೊಂದು: ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಸ್ವಲ್ಪ ಇಳಿದು ಒಳಗಿನ ಸೋಂಕು ಮರೆಯಾಗುತ್ತದೆ, ಹೊರಗೆ ಹಾಕಿದ ಆಂಟಿಬಯಾಟಿಕ್ ಹನಿ ಒಳಗಿನ ಲೋಳೆಯವರೆಗೆ ಸಾಕಷ್ಟು ತಲುಪುವುದೂ ಇಲ್ಲ. ಮೂರನೆಯದು ನೋವಿಲ್ಲವಲ್ಲ ಎಂಬ ಧೈರ್ಯ. ಈ ಸೋಂಕು ಕೆಲವರಲ್ಲಿ ನೋವೇ ಇಲ್ಲದೆ ಬರುತ್ತದೆ, ಗೀಜೂ ಇರದೆ ಹೋಗಬಹುದು. ಹಾಗಾಗಿ ನೋವಿಗಿಂತ ಕ್ಯಾಲೆಂಡರನ್ನು ಹೆಚ್ಚು ನಂಬಿ. ಒಮ್ಮೊಮ್ಮೆ ಔಷಧಕ್ಕೇ ಕಣ್ಣು ಕೆರಳಿ ಸೋಂಕಿನಂತೆಯೇ ಕಾಣುವುದುಂಟು. ಆ ವ್ಯತ್ಯಾಸವನ್ನು ಮನೆಯಲ್ಲಿ ಕುಳಿತು ಹೇಳಲಾಗದು, ಹೋಗಲೇಬೇಕು.

ಇದಲ್ಲದೆ ಮಿಂಚು ಹೊಡೆದಂತೆ ಬೆಳಕು, ಇದ್ದಕ್ಕಿದ್ದಂತೆ ಮಸಿ ಚೆಲ್ಲಿದ ಹಾಗೆ ಅಸಂಖ್ಯ ಚುಕ್ಕೆಗಳು, ಒಂದು ಬದಿಯಿಂದ ಪರದೆ ಇಳಿದಂಥ ನೆರಳು ಕಂಡರೂ ಅಂದೇ ಹೋಗಿ. ಅದು ರೆಟಿನಾ ಹರಿದಿರುವ ಅಥವಾ ಕಳಚಿಕೊಳ್ಳುತ್ತಿರುವ ಸೂಚನೆಯಾಗಿರಬಹುದು.

ಹಂತ 6: ಮುಂದಿನ ತಾರೀಖು

ಮೊದಲ ಕೆಲವು ಇಂಜೆಕ್ಷನ್‌ಗಳು ಸಾಮಾನ್ಯವಾಗಿ ತಿಂಗಳಿಗೊಂದು. ಆಮೇಲೆ ಓಸಿಟಿ ನೋಡಿ ಅಂತರ ನಿರ್ಧರಿಸುತ್ತಾರೆ. ಓಸಿಟಿ ಎಂದರೆ ಬೆಳಕಿನಿಂದ ರೆಟಿನಾವನ್ನು ಅಡ್ಡ ಸೀಳಿದಂತೆ ತೋರಿಸುವ, ಕಣ್ಣಿಗೆ ತಾಗದ ಸ್ಕ್ಯಾನ್. ಊತ ಮೈಕ್ರಾನ್ ಲೆಕ್ಕದಲ್ಲಿ ಎಷ್ಟಿದೆ ಎಂದು ಅದರಲ್ಲಿ ಬರುತ್ತದೆ. ಒಣಗಿದ್ದರೆ ಎರಡು ವಾರವೋ ನಾಲ್ಕು ವಾರವೋ ಅಂತರ ಹೆಚ್ಚಿಸುತ್ತಾರೆ, ಮತ್ತೆ ನೀರು ಕಂಡರೆ ತಗ್ಗಿಸುತ್ತಾರೆ.

ಮೊದಲ ಇಂಜೆಕ್ಷನ್ ಆದ ಮೇಲೆ ಏನೂ ಸುಧಾರಿಸಿಲ್ಲ ಎಂದು ಬಿಟ್ಟುಬಿಡುವವರು ಬಹಳ. ಸ್ಕ್ಯಾನಿನಲ್ಲಿ ಊತ ಇಳಿದಿದ್ದರೂ ಓದುವ ನೋಟ ಹಿಂದಿರುಗಲು ತಿಂಗಳುಗಳೇ ಬೇಕಾಗಬಹುದು. ಬಹುಕಾಲ ನೀರಲ್ಲಿ ನೆನೆದು ಹಾಳಾದ ಜೀವಕೋಶಗಳಿದ್ದರೆ ಅಷ್ಟು ಮಾತ್ರ ಮರಳುವುದಿಲ್ಲ. ಇನ್ನೊಂದು ಗುಂಪಿನವರು ಚೆನ್ನಾಗಿ ಕಾಣಲು ಶುರುವಾದ ಕೂಡಲೇ ಬಿಡುತ್ತಾರೆ. ಔಷಧ ಕರಗಿ, ಊತ ಮರಳಿ, ಅದು ಅವರ ಅರಿವಿಗೆ ಬರುವಷ್ಟರಲ್ಲಿ ಗಳಿಸಿದ ಅಕ್ಷರಗಳು ಹೋಗಿರುತ್ತವೆ. ಬರಲು ಆಗದಿದ್ದರೆ ತಾರೀಖು ಬದಲಿಸಿಕೊಳ್ಳಿ, ಬಿಡಬೇಡಿ.

ಸ್ಟೀರಾಯ್ಡ್ ಪಡೆದವರು ಕಣ್ಣಿನ ಒತ್ತಡ ಅಳೆಸುವ ತಾರೀಖನ್ನೂ ಬರೆಸಿಕೊಂಡೇ ಹೊರಡಿ. ಹಾಗೆಯೇ ಪ್ರತಿ ಸಲವೂ ಯಾವ ಕಣ್ಣು, ಯಾವ ಔಷಧ, ಯಾವ ದಿನ, ತುರ್ತಿಗೆ ಯಾವ ನಂಬರು ಎಂಬ ನಾಲ್ಕನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಆ ಕ್ಯಾಲೆಂಡರಿನ ಪಕ್ಕದಲ್ಲೇ ಅಂಟಿಸಿಡಿ. ಕಣ್ಣು ಮಂಜಾದ ದಿನ ಫೋನಿನಲ್ಲಿ ನಂಬರು ಹುಡುಕುವುದು ಕಷ್ಟ.